ಉಲ್ಲೇಖವಿಘ್ನ ಮೀಮಾಂಸೆ

ಅಡಿಟಿಪ್ಪಣಿ ಇರುವುದು ಓದುಗನನ್ನು ಮೂಲಗ್ರಂಥಕ್ಕೆ ತಲುಪಿಸುವುದಕ್ಕೆ ಎಂಬ ಭ್ರಮೆ ವಿದ್ವತ್ಸಭೆಗಳಲ್ಲಿ ಇನ್ನೂ ಅಳಿದಿಲ್ಲ. ತಲುಪದಂತೆ ನೋಡಿಕೊಳ್ಳುವುದೇ ಅದರ ನಿಜವಾದ ಪ್ರಯೋಜನವೆಂದು ಈ ಪ್ರಬಂಧ ಸಾಧಿಸುತ್ತದೆ. ಮೂಲ ಸಿಕ್ಕರೆ ಓದುಗ ಓದುತ್ತಾನೆ, ಓದಿದವನು ಪ್ರಶ್ನೆ ಕೇಳುತ್ತಾನೆ, ಪ್ರಶ್ನೆಯಿಂದ ಪ್ರಬಂಧಕ್ಕೆ ಅಪಾಯ. ಮುದ್ರಣದ ಹೆಸರು ಹೇಳದೆ ಬರೀ ಪುಟಸಂಖ್ಯೆ ಕೊಡುವುದು ಈ ಶಾಸ್ತ್ರದ ಬಾಲಪಾಠ. ಪ್ರೌಢರು ಅಧ್ಯಾಯ, ಶ್ಲೋಕಗಳ ಸಂಖ್ಯೆ ಕೊಡುತ್ತಾರೆ. ಅದನ್ನು ಯಾರೂ ಅನುಮಾನಿಸುವುದಿಲ್ಲ.

ಭಗವದ್ಗೀತೆಯ 13ನೆಯ ಅಧ್ಯಾಯವೇ ಇದಕ್ಕೆ ಪ್ರಮಾಣ. ಕೆಲವು ಮುದ್ರಣಗಳಲ್ಲಿ ಅದು ಅರ್ಜುನನ ಪ್ರಶ್ನೆಯಿಂದ ಆರಂಭವಾಗುತ್ತದೆ. ಶಂಕರಭಾಷ್ಯದ ಪಾಠದಲ್ಲಿ ಆ ಶ್ಲೋಕವಿಲ್ಲ. ಹಾಗಾಗಿ ಅಧ್ಯಾಯಕ್ಕೆ ಒಂದೆಡೆ 35, ಇನ್ನೊಂದೆಡೆ 34 ಶ್ಲೋಕಗಳು. ಇಡೀ ಗೀತೆಗೆ 701 ಅಥವಾ 700. ಈಗ '13.2' ಎಂದು ಬರೆದು ನೋಡಿ. ಒಬ್ಬನ ಪುಸ್ತಕದಲ್ಲಿ ಅಲ್ಲಿರುವುದು ಶರೀರವೇ ಕ್ಷೇತ್ರ ಎಂಬ ಸಾಧುವಾದ ಲಕ್ಷಣ. ಇನ್ನೊಬ್ಬನದರಲ್ಲಿ ಎಲ್ಲ ಕ್ಷೇತ್ರಗಳ ಕ್ಷೇತ್ರಜ್ಞನೂ ನಾನೇ ಎಂಬ ಕೃಷ್ಣವಾಕ್ಯ, ಅಂದರೆ ಅದ್ವೈತಿಗಳಿಗೂ ದ್ವೈತಿಗಳಿಗೂ ಜಗಳ ಹತ್ತುವ ಜಾಗ. ಇಬ್ಬರೂ ತಮ್ಮ ತಮ್ಮ 13.2ನ್ನು ಹಿಡಿದು ವಾದಕ್ಕೆ ಕೂತರೆ ಇಬ್ಬರೂ ಸರಿಯಾಗಿರುತ್ತಾರೆ, ವಾದ ಮಾತ್ರ ಮುಗಿಯುವುದಿಲ್ಲ. ಇದೇ ಅಧ್ಯಾಯವನ್ನು ಮಹಾಭಾರತದ ಲೆಕ್ಕದಲ್ಲಿ ಹೇಳಿದರೆ ಫಲ ಇನ್ನೂ ಹೆಚ್ಚು. ಪುಣೆಯ ಭಂಡಾರ್ಕರ್ ಸಂಸ್ಥೆಯ ಪರಿಷ್ಕರಣದಲ್ಲಿ ಗೀತೆ ಭೀಷ್ಮಪರ್ವದ 23ರಿಂದ 40ನೆಯ ಅಧ್ಯಾಯದವರೆಗೆ ಇದೆ. ಹಳೆಯ ಪ್ರಚಲಿತ ಪಾಠದಲ್ಲಿ 25ರಿಂದ 42ರವರೆಗೆ. 'ಭೀಷ್ಮಪರ್ವ, 35' ಎಂಬ ಸೂಚನೆ ಹಿಡಿದು ಹೋದವನಿಗೆ ಪುಣೆಯ ಪ್ರತಿಯಲ್ಲಿ ಕ್ಷೇತ್ರಕ್ಷೇತ್ರಜ್ಞ ವಿಚಾರ ಸಿಗುತ್ತದೆ, ಹಳೆಯ ಪ್ರತಿಯಲ್ಲಿ ವಿಶ್ವರೂಪವೇ ಎದುರಾಗುತ್ತದೆ. ಹೆದರಿ ಹಿಂದಿರುಗಿದವನು ಮತ್ತೆ ಅಡಿಟಿಪ್ಪಣಿಯ ತಂಟೆಗೆ ಬರುವುದಿಲ್ಲ.

ಎರಡು ಕಳೆದರೆ ಸರಿಹೋಯಿತಲ್ಲ ಎಂಬುದು ಪೂರ್ವಪಕ್ಷ. ಗೀತೆಯ ಮಟ್ಟಿಗೆ ಹೌದು. ಆದರೆ ಪುಣೆಯ ಸಂಪಾದಕರು ಪ್ರಕ್ಷಿಪ್ತವೆಂದು ಕಂಡದ್ದನ್ನು ಅಲ್ಲಲ್ಲಿ ಅಡಿಟಿಪ್ಪಣಿಗೂ ಅನುಬಂಧಕ್ಕೂ ಇಳಿಸಿರುವುದರಿಂದ ಅಂತರ ಎಲ್ಲೆಡೆ ಒಂದೇ ಇಲ್ಲ. ಕಳೆಯುವವನು ಎಷ್ಟು ಕಳೆಯಬೇಕೆಂದು ತಿಳಿಯಲು ಮೊದಲು ಶ್ಲೋಕವನ್ನು ಹುಡುಕಿರಬೇಕು. ಭಾಷ್ಯಕಾರರಂತೆ ಶ್ಲೋಕದ ಮೊದಲ ಪದಗಳನ್ನೇ ಪ್ರತೀಕವಾಗಿ ಕೊಡಿ ಎಂಬುದು ಎರಡನೆಯ ಆಕ್ಷೇಪ. ಇದು ಬಲವಾದದ್ದು, ಏಕೆಂದರೆ ಮುದ್ರಕನು ಸಂಖ್ಯೆ ಬದಲಿಸಿದರೂ ಪದ ಉಳಿಯುತ್ತದೆ. ಆದರೂ ಸ್ವಧರ್ಮದ ಶ್ಲೋಕದ ಪೂರ್ವಾರ್ಧ 3.35ರಲ್ಲೂ 18.47ರಲ್ಲೂ ಅಕ್ಷರಶಃ ಒಂದೇ. ಪರಧರ್ಮ ಭಯಾವಹವೆಂಬ ಎಚ್ಚರಿಕೆ ಮೊದಲನೆಯದರಲ್ಲಿ ಮಾತ್ರ. ಬರೀ ಪ್ರತೀಕ ಕೊಟ್ಟು ಹೆದರಿಸಬೇಕಾದವರನ್ನು ಹೆದರಿಸಿ, ಪ್ರಶ್ನಿಸಿದವರಿಗೆ ಎರಡನೆಯದನ್ನು ತೋರಿಸಬಹುದು.

ಪರಿಷ್ಕರಣದ ಹೆಸರು, ಸಂಖ್ಯೆ, ಪ್ರತೀಕ ಈ ಮೂರನ್ನೂ ಒಟ್ಟಿಗೆ ಕೊಡುವವರಿಗೆ ಮಾತ್ರ ನಮ್ಮ ಶಾಸ್ತ್ರದಲ್ಲಿ ಉತ್ತರವಿಲ್ಲ. ಅಂಥವರನ್ನು ಪರೀಕ್ಷಕರಾಗಿ ನೇಮಿಸದಿರುವುದು ಕ್ಷೇಮ.