ನಾನು ಕಡೂರು ಆದದ್ದು

ನನ್ನ ಹೆಸರು ಕೆ.ಜಿ. ಲಕ್ಷ್ಮೀನಾರಾಯಣ. ‘ಕೆ’ ಊರು ಕಡೂರು, ‘ಜಿ’ ಅಪ್ಪ ಗೋವಿಂದಪ್ಪ. ಹಳೇ ಮೈಸೂರು ಸೀಮೆಯಲ್ಲಿ ಇಂಥ ಹೆಸರಿಗೆ ಯಾರೂ ತಕರಾರು ಎತ್ತಿದ್ದಿಲ್ಲ. ತಕರಾರು ಎತ್ತಿದ್ದು ಫೋನಿನೊಳಗಿನ ವ್ಯಾಲೆಟ್.

ಅರ್ಧಂಬರ್ಧ ಕೆವೈಸಿಯ ವ್ಯಾಲೆಟ್‌ಗೆ ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚು ತುಂಬುವಂತಿಲ್ಲ. ತುಂಬಿದ್ದರಲ್ಲಿ ಈರುಳ್ಳಿ ಕೊಳ್ಳಬಹುದು, ಮಗಳಿಗೆ ಕಳಿಸುವಂತಿಲ್ಲ. ಸರಿ, ಪೂರ್ತಿ ಕೆವೈಸಿಯೇ ಆಗಲೆಂದು ಆಧಾರ್, ಪ್ಯಾನ್ ಎರಡನ್ನೂ ಒಪ್ಪಿಸಿದೆ. ‘Name mismatch’ ಎಂದಿತು.

ಎರಡು ಕಾರ್ಡನ್ನೂ ಮೇಜಿನ ಮೇಲಿಟ್ಟು ನೋಡಿದೆ.

ಆಧಾರ್: LAXMINARAYANA K G
ಪ್ಯಾನ್: LAKSHMINARAYAN GOVINDAPPA KADUR

ಆಧಾರ್‌ನಲ್ಲಿ ಕನ್ನಡದಲ್ಲೂ ಹೆಸರಿದೆ, ಒತ್ತು ದೀರ್ಘ ಸಮೇತ ಚೊಕ್ಕವಾಗಿ. ಆದರೆ ಹೋಲಿಕೆ ನಡೆಯುವುದು ಇಂಗ್ಲಿಷ್ ಸಾಲಿನಲ್ಲಿ. ಅಲ್ಲಿ ಒಬ್ಬ ಆಪರೇಟರ್ ‘ಕ್ಷ’ಕ್ಕೆ x ಹಾಕಿದ್ದ, ಇನ್ನೊಬ್ಬ ksh ಹಾಕಿ ಕೊನೆಯ a ನುಂಗಿದ್ದ. ಇಷ್ಟು ಅಕ್ಷರದೋಷವನ್ನು ಕೆಲವು ಆ್ಯಪ್‌ಗಳು ಹೊಟ್ಟೆಗೆ ಹಾಕಿಕೊಳ್ಳುತ್ತವಂತೆ. ಆದರೆ K ಎಂದರೆ ಕಡೂರು ಎಂದು ಅವಕ್ಕೆ ಹೇಳುವವರಾರು? ಕೋಲಾರವೂ ಆಗಬಹುದು, ಕುಣಿಗಲ್ಲೂ ಆಗಬಹುದು.

“ಪ್ಯಾನನ್ನೇ ಆಧಾರ್ ಥರ ಮಾಡಿಸಿಬಿಡೋಣ” ಎಂದೆ, ಸೈಬರ್ ಸೆಂಟರಿನ ಹುಡುಗನಿಗೆ.

“ಆಗಲ್ಲ ಸಾರ್. ಪ್ಯಾನ್ ಫಾರಮ್ಮಲ್ಲಿ ಇನಿಷಿಯಲ್ ತಗೊಳಲ್ಲ, ಬಿಡಿಸಿ ಬರೀಬೇಕು. ಅದಕ್ಕೇ ಆವಾಗ ಯಾರೋ ನಿಮ್ಮೂರನ್ನ ಸರ್‌ನೇಮ್ ಮಾಡಿದಾರೆ.”

“ಹಾಗಾದ್ರೆ?”

“ಆಧಾರನ್ನೇ ಪ್ಯಾನ್ ಥರ ಮಾಡ್ಸಿ. ಹೆಸರಿನ ದಾಖಲೆಗೆ ಪ್ಯಾನ್ ಕಾರ್ಡೇ ನಡೆಯುತ್ತೆ. ಆದ್ರೆ ಸ್ಪೆಲಿಂಗ್ ಒಂದೊಂದಕ್ಷರ ನೋಡ್ಕೊಳಿ. ಆಧಾರಲ್ಲಿ ಹೆಸರು ಬದಲಾಯಿಸೋಕೆ ಜೀವಮಾನಕ್ಕೆ ಎರಡೇ ಚಾನ್ಸು.”

ವಿಶ್ವಾಮಿತ್ರನೂ ಇಷ್ಟು ಜಿಪುಣನಾಗಿರಲಿಲ್ಲ. ಆಧಾರ್ ಕೇಂದ್ರದಲ್ಲಿ ಕೊಟ್ಟ ಚೀಟಿಯನ್ನು ಪ್ಯಾನಿನ ಪಕ್ಕ ಹಿಡಿದು, ಕಿರಾಣಿ ಲೆಕ್ಕ ನೋಡುವ ಹಾಗೆ ಬೆರಳಿಟ್ಟು ಅಕ್ಷರ ಅಕ್ಷರ ತಾಳೆ ಮಾಡಿದೆ. ಸಹಿ ಹಾಕುವಾಗ ಮಾತ್ರ, ಅರವತ್ತು ದಾಟಿದ ಮೇಲೆ ದತ್ತು ಹೋಗುತ್ತಿದ್ದೇನೇನೋ ಅನ್ನಿಸಿತು.

ಆಧಾರ್ ತಿದ್ದಿ ಬಂತು. ವ್ಯಾಲೆಟ್ ಈ ಸಲ ತುಟಿಪಿಟಕ್ಕೆನ್ನದೆ ಒಪ್ಪಿ, ‘Dear Kadur’ ಎಂದು ಸ್ವಾಗತಿಸಿತು. ಹುಟ್ಟಿದ್ದಷ್ಟೇ ಅಲ್ಲಿ, ಮೂರನೇ ವರ್ಷಕ್ಕೇ ಬಿಟ್ಟ ಊರು ಅದು.

ಆ ಸಂಭ್ರಮದಲ್ಲೇ ಮಗಳಿಗೆ ಐದು ಸಾವಿರ ಕಳಿಸಿದೆ. ಕೂಡಲೇ ಫೋನು ಬಂತು.

“ಅಪ್ಪಾ, ಯಾರೋ ಕಡೂರ್ ಅಂತೆ, ದುಡ್ಡು ಹಾಕಿದಾನೆ. ಹೆಸರಿನ ಮಧ್ಯೆ ತಾತನ್ನ ಬೇರೆ ಸೇರಿಸ್ಕೊಂಡಿದಾನೆ, ನಮ್ಮನೆ ವಿಷಯ ಎಲ್ಲಾ ಗೊತ್ತಿರೋ ಕಳ್ಳ. ಸೈಬರ್ ಪೊಲೀಸ್‌ಗೆ ಕಂಪ್ಲೇಂಟ್ ಕೊಡ್ಲಾ?”