ಕೊಡಕ್ಕೂ ಧನ್ಯೆ: ಇಪ್ಪತ್ತೊಂದು ದಿನದ ಕೃತಜ್ಞತಾ ಪ್ರಾರ್ಥನೆಯ ಕೊನೆಸಾಲಿನ ಪಾಠಪರಿಷ್ಕರಣೆ

ಕಳೆದ ಶ್ರಾವಣದಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ರಚಿತವಾದ ಒಂದು ಗ್ರಂಥವನ್ನು ವಿದ್ವಲ್ಲೋಕದ ಮುಂದಿಡುತ್ತಿದ್ದೇನೆ. ಗ್ರಂಥದ ಹೆಸರು ‘21 ದಿನಗಳ ಕೃತಜ್ಞತಾ ಪ್ರಾರ್ಥನೆ ಚಾಲೆಂಜ್’. ಪ್ರವರ್ತಕಿ ನಮ್ಮ ಅತ್ತಿಗೆ. ಮೂಲ ಕರ್ತೃ ಯಾರೆಂದು ಅವರಿಗೂ ಗೊತ್ತಿಲ್ಲ, ಅವರಿಗೆ ಕಳಿಸಿದವರಿಗೂ ಗೊತ್ತಿಲ್ಲ. ಆದ್ದರಿಂದ ಇದನ್ನು ಅಪೌರುಷೇಯ ಎನ್ನಲು ಅಡ್ಡಿಯಿಲ್ಲ.

ಗ್ರಂಥದ ರಚನೆ ಸರಳ. ದಿನಾ ಬೆಳಗ್ಗೆ ಐದೂವರೆಗೆ ಅತ್ತಿಗೆ ಒಂದು ಸೂಚನೆ ಹಾಕುತ್ತಾರೆ: ಮೊದಲ ದಿನ ಉಸಿರು, ಎರಡನೆಯ ದಿನ ನೀರು, ಮೂರನೆಯ ದಿನ ಹೆತ್ತವರು, ಹೀಗೆ. ಉಳಿದವರು ಅದರ ಮೇಲೆ ನಾಲ್ಕು ಸಾಲು ಪ್ರಾರ್ಥನೆ ಬರೆದು, ಕೊನೆಗೆ ಒಂದೇ ಸಾಲನ್ನು ಸೇರಿಸಬೇಕು: ‘ಕೊಟ್ಟಿದ್ದಕ್ಕೂ ಧನ್ಯೆ, ಕೊಡದ್ದಕ್ಕೂ ಧನ್ಯೆ, ಸ್ವಾಮೀ.’ ಒಂದು ದಿನ ತಪ್ಪಿದರೆ ಮತ್ತೆ ಒಂದರಿಂದ ಶುರು.

ಮೊದಲ ಪ್ರಶ್ನೆ, ಇಪ್ಪತ್ತೊಂದೇ ಏಕೆ? ಗಣಪತಿಗೆ ಇಪ್ಪತ್ತೊಂದು ಪತ್ರೆ ಏರಿಸುವುದರಿಂದ ಎಂದು ಚಿಕ್ಕಪ್ಪನ ಪೂರ್ವಪಕ್ಷ. ಕೇಳಲು ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. ಈ ಚಾಲೆಂಜುಗಳ ಇಪ್ಪತ್ತೊಂದು ಬಂದದ್ದು ಗಣಪತಿಯ ಸೊಂಡಿಲಿನಿಂದಲ್ಲ, ಅಮೆರಿಕದವರ ಮೂಗಿನಿಂದ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಒಂದು ಪುಸ್ತಕ ಬರೆದರು. ಮೂಗು ತಿದ್ದಿಸಿಕೊಂಡವರಿಗೆ ಕನ್ನಡಿಯಲ್ಲಿರುವುದು ತಮ್ಮದೇ ಮುಖ ಅನ್ನಿಸಲು ಕಡಿಮೆಯೆಂದರೂ ಇಪ್ಪತ್ತೊಂದು ದಿನ ಬೇಕಾಗುತ್ತದೆ ಎಂದು ಅದರಲ್ಲಿ ಹೇಳಿದರು. ‘ಕಡಿಮೆಯೆಂದರೂ’ ಎಂಬ ಮಾತು ಬಾಯಿಂದ ಬಾಯಿಗೆ ಸಾಗುವಾಗ ಉದುರಿಹೋಯಿತು, ಮೂಗೂ ಉದುರಿತು, ಸಂಖ್ಯೆ ಮಾತ್ರ ಉಳಿಯಿತು. ಮುಂದೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಹಿಡಿದು ನಿಜಕ್ಕೂ ಅಳೆದು ನೋಡಿದಾಗ, ಒಂದು ಅಭ್ಯಾಸ ಮೈಗೂಡಲು ಸುಮಾರು 66 ದಿನ ಎಂದಾಯಿತು. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ ಎಂದೂ ಅವರು ಕಂಡುಕೊಂಡರು. ಇದನ್ನು ಅತ್ತಿಗೆಗೆ ತಿಳಿಸಿದೆ. ನಾನು ಒಂಬತ್ತನೆಯ ದಿನ ತಪ್ಪಿಸಿದ್ದರಿಂದ ಹೀಗೆ ಹೇಳುತ್ತಿದ್ದೇನೆ ಎಂದು ತೀರ್ಪಿತ್ತು, ನನ್ನನ್ನು ಒಂದಕ್ಕೆ ಇಳಿಸಿದರು.

ಇನ್ನು ಕೊನೆಸಾಲು. ಒಂದೇ ಸಾಲಿನಿಂದ ಮುಗಿಸುವ ಪದ್ಧತಿ ಹಳೆಯದು. ಬೈಬಲ್ಲಿನ 136ನೆಯ ಕೀರ್ತನೆಯಲ್ಲಿ 26 ವಚನಗಳಿವೆ, ಇಪ್ಪತ್ತಾರೂ ಒಂದೇ ಮಾತಿನಿಂದ ಮುಗಿಯುತ್ತವೆ. ಆದರೆ ಇಂಥವನ್ನು ಹಾಡುವಾಗ ಒಬ್ಬ ಸಂಗತಿ ಹೇಳುತ್ತಾನೆ, ಜನವೆಲ್ಲ ಪಲ್ಲವಿ ಹೇಳುತ್ತಾರೆ, ಕೆಲಸ ಹಂಚಿಹೋಗಿರುತ್ತದೆ. ನಮ್ಮ ವಚನಕಾರರ ಅಂಕಿತ ಇನ್ನೊಂದು ಬಗೆ. ಕೂಡಲಸಂಗಮದೇವ ಎಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಅಂಬಿಗರ ಚೌಡಯ್ಯನಂತೂ ತನ್ನ ಹೆಸರನ್ನೇ ಅಂಕಿತ ಮಾಡಿ ಇಟ್ಟ. ಮಾತು ಯಾರದೆಂದು ಅಂಕಿತ ತೋರಿಸುತ್ತದೆ. ನಮ್ಮ ಗುಂಪಿನ ಸಾಲಿನ ಕೆಲಸ ತಿರುಗಾಮುರುಗಾ: ಮಾತು ಯಾರದೂ ಅಲ್ಲದಂತೆ ಮಾಡುವುದು. ಸಾಕ್ಷಿ ಬೇಕೆ? ಅತ್ತಿಗೆ ಕಳಿಸಿದ್ದನ್ನು ಹಾಗೇ ಕಾಪಿ ಮಾಡಿದ್ದರಿಂದ, ಮಿಲಿಟರಿಯಿಂದ ನಿವೃತ್ತರಾದ ಭಾವನೂ ಸೇರಿ ಮನೆಯ ಗಂಡಸರೆಲ್ಲ ಇಪ್ಪತ್ತೊಂದು ದಿನ ‘ಧನ್ಯೆ’ಯಾಗಿಯೇ ಉಳಿದರು.

ಹದಿನಾಲ್ಕು ಜನರಲ್ಲಿ ಹದಿನಾಲ್ಕೂ ಜನ ಮೊದಲ ದಿನ ಉಸಿರಿನ ಮೇಲೆ ಉದ್ದುದ್ದ ಬರೆದರು. ಎಂಟನೆಯ ದಿನಕ್ಕೆ ನಾಲ್ಕು ಸಾಲು ಎರಡಾಯಿತು. ಹದಿನಾರನೆಯ ದಿನ ಸೂಚನೆ ‘ನಿಮ್ಮ ಕೈಗಳು’. ಬಂದ ಆರು ಪ್ರಾರ್ಥನೆಗಳಲ್ಲಿ ಕೈ ಎಲ್ಲೂ ಇರಲಿಲ್ಲ, ಕೊನೆಸಾಲು ಮಾತ್ರ ಇತ್ತು. ಊರಿಗೆ ಹೊರಟ ಸೋದರಮಾವ ಮುಂದಿನ ಮೂರು ದಿನದ್ದನ್ನು ಅಡ್ವಾನ್ಸಾಗಿ ಒಂದೇ ಸಲ ಹಾಕಿ ಬಸ್ಸು ಹತ್ತಿದರು. ಇದು ನಮ್ಮ ವಂಶದ ದೋಷವೊಂದೇ ಅಲ್ಲ. ಸೋನ್ಯಾ ಲ್ಯುಬೊಮಿರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು ವಿದ್ಯಾರ್ಥಿಗಳಿಂದ ಆರು ವಾರ ಇಂಥದ್ದೇ ಪಟ್ಟಿ ಬರೆಸಿದರು. ವಾರಕ್ಕೊಮ್ಮೆ ಬರೆದವರ ಸಂತೋಷ ಹೆಚ್ಚಿತು, ವಾರಕ್ಕೆ ಮೂರು ಸಲ ಬರೆದವರದು ಹೆಚ್ಚಲಿಲ್ಲ. ದಿನಾ ಹೋಳಿಗೆ ತಿಂದವನಿಗೆ ಹೂರಣದ ರುಚಿ ಹತ್ತುವುದಿಲ್ಲ, ಅಷ್ಟೇ.

ಅವಘಡಗಳೂ ನಡೆದವು. ಹನ್ನೆರಡನೆಯ ದಿನ ಭಾವ ‘ನಾನು ಎಲ್ಲರಿಗೂ ಸದಾ ಕೃತಘ್ನ’ ಎಂದು ಬರೆದರು. ಮಾಡಿದ್ದನ್ನು ಅರಿತವನು ಕೃತಜ್ಞ, ಕೊಂದವನು ಕೃತಘ್ನ. ನಡುವೆ ಇರುವುದು ಒಂದು ಒತ್ತಕ್ಷರ. ಹತ್ತು ಜನ ಹೂವಿನ ಚಿತ್ರ ಹಾಕಿ ಅನುಮೋದಿಸಿದರು, ಅಂದರೆ ಒಬ್ಬರೂ ಓದಿರಲಿಲ್ಲ. ಹದಿನಾಲ್ಕನೆಯ ದಿನದ ಸೂಚನೆ ‘ನಿಮಗೆ ನೋವು ಕೊಟ್ಟವರು’. ತೆಂಗಿನ ತೋಟದ ಪಾಲಿನ ತಕರಾರಿನ ಎರಡೂ ಪಕ್ಷಗಳು ಗುಂಪಿನಲ್ಲೇ ಇದ್ದವು. ಹಿರಿಯ ಪಕ್ಷ, ಹೆಸರೆತ್ತದೆ ಒಂದು ಪ್ರಾರ್ಥನೆ ಹಾಕಿ ‘ಕೊಡದ್ದಕ್ಕೂ ಧನ್ಯೆ’ ಎಂದು ಮುಗಿಸಿತು. ಪಾಲು ಕೊಟ್ಟಿಲ್ಲವೆಂದು ಇದರಲ್ಲಿ ಆರೋಪವಿದೆ ಎಂದು ಕಿರಿಯ ಪಕ್ಷ ಸ್ಕ್ರೀನ್‌ಶಾಟ್ ತೆಗೆದು ವಕೀಲರಿಗೆ ಕಳಿಸಿತು.

ಈ ಎಲ್ಲದರ ನಡುವೆ ಪಾಠಪರಿಷ್ಕರಣೆಗೆ ನಿಜಕ್ಕೂ ಅರ್ಹವಾದ ಪ್ರತಿ ಒಂದೇ, ಅದು ದೊಡ್ಡಮ್ಮನದು. ಅವರಿಗೆ ಕಣ್ಣು ಮಂಜು, ಫೋನಿಗೆ ಬಾಯಲ್ಲಿ ಹೇಳಿ ಬರೆಸುತ್ತಾರೆ. ಎರಡನೆಯ ದಿನದಿಂದ ಅವರ ಕೊನೆಸಾಲು ಹೀಗಿದೆ: ‘ಕೊಟ್ಟಿದ್ದಕ್ಕೂ ಧನ್ಯೆ, ಕೊಡಕ್ಕೂ ಧನ್ಯೆ, ಸ್ವಾಮೀ.’ ಫೋನು ತಪ್ಪು ಕೇಳಿಸಿಕೊಂಡಿದೆ ಎಂದು ಅತ್ತಿಗೆ ತಿದ್ದಿದರು. ಮಾರನೆಯ ದಿನ ಕೊಡ ಮತ್ತೆ ಬಂತು. ಎರಡು ಪಾಠಗಳಿದ್ದಾಗ ಕ್ಲಿಷ್ಟವಾದದ್ದೇ ಮೂಲವಿರಬಹುದು ಎಂಬುದು ಗ್ರಂಥಸಂಪಾದನೆಯ ನಿಯಮ, ಯಾಕೆಂದರೆ ನಕಲುಗಾರ ತಿಳಿಯದ್ದನ್ನು ತಿಳಿಯುವಂತೆ ತಿದ್ದುತ್ತಾನೆಯೇ ಹೊರತು ತಿಳಿದದ್ದನ್ನು ಕೆಡಿಸಿ ಕೊಡ ತಂದಿಡುವುದಿಲ್ಲ. ಈ ನಿಯಮದ ಬಲದಿಂದ ನಾನು ಕೊಡದ ಪರ ನಿಂತೆ. ಆದರೂ ಕರ್ತೃ ಬದುಕಿರುವಾಗ ಕೇಳದಿರುವುದು ಸಂಶೋಧನೆಯಲ್ಲ ಎಂದು ಬೆಂಗಳೂರಿಗೆ ಹೋದೆ.

“ಫೋನು ಸರಿಯಾಗೇ ಬರೆದಿದೆ ಕಣೋ,” ಎಂದರು ದೊಡ್ಡಮ್ಮ. “ಅವಳು ಎರಡನೇ ದಿನ ನೀರು ಅಂದ್ಲು. ಕಾವೇರಿ, ಗಂಗೆ ಅಂತ ಎಲ್ಲರೂ ಬರೆದ್ರು. ನಂಗೆ ಜ್ಞಾಪಕ ಬಂದಿದ್ದು ಕೊಡ.”

2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಅವರ ಮನೆಯದೂ ಬತ್ತಿತ್ತು. ಟ್ಯಾಂಕರಿನವನು ಇವತ್ತು ಬರುತ್ತೇನೆ ಎಂದು ಮೂರು ದಿನ ಹೇಳಿದ. ಹಿಂದಿನ ಬೀದಿಯ, ಮಾತುಕತೆಯೇ ಇಲ್ಲದ ಒಬ್ಬ ಹೆಂಗಸು ದಿನಾ ಬೆಳಗ್ಗೆ ಎರಡು ಪ್ಲಾಸ್ಟಿಕ್ ಕೊಡ ನೀರು ತಂದು ಗೇಟಿನ ಒಳಗಿಟ್ಟು ಹೋಗುತ್ತಿದ್ದಳಂತೆ. ಒಂದು ಹಸಿರು, ಒಂದು ನೀಲಿ. ಏಪ್ರಿಲ್ ಮುಗಿಯುವವರೆಗೂ. ಮೆಟ್ಟಿಲು ಹತ್ತಲಾಗದ ಇವರಿಗಾಗಿ ಒಂದೊಂದು ದಿನ ಅಡುಗೆಮನೆಯವರೆಗೂ ತಂದಿಟ್ಟಳಂತೆ.

ಇಪ್ಪತ್ತೊಂದು ದಿನದ ಗ್ರಂಥವಿಡೀ ತಡಕಿದ ಮೇಲೆ ಯಾರು, ಏನು, ಎಷ್ಟು, ಎಲ್ಲಿಯವರೆಗೆ ಎಂಬುದಿರುವ ವಾಕ್ಯಗಳು ನನಗೆ ಸಿಕ್ಕಿದ್ದು ಇವೇ. ಅವೂ ಗುಂಪಿನಲ್ಲಿ ಬರೆದವಲ್ಲ.

“ಹಾಗಾದ್ರೆ ‘ಕೊಡದ್ದಕ್ಕೂ’ ಅನ್ನೋದು ಪ್ರಕ್ಷಿಪ್ತ ಅಂತ ಬರ್ಕೊಳ್ಳಲಾ?” ಎಂದೆ.

ದೊಡ್ಡಮ್ಮ ಬಚ್ಚಲುಮನೆಯ ಕಡೆ ನೋಡಿದರು. “ಅದೂ ಇರ್ಲಿ ಬಿಡು. ಹಸಿರುಕೊಡ ಇನ್ನೂ ನಮ್ಮಲ್ಲೇ ಇದೆ, ವಾಪಸ್ ಕೊಟ್ಟೇ ಇಲ್ಲ.”

ಎರಡೂ ಪಾಠಗಳು ಮೂಲವೇ ಎಂದು ಟಿಪ್ಪಣಿಪುಸ್ತಕದಲ್ಲಿ ಬರೆಯುತ್ತಿದ್ದೆ. ಅಷ್ಟರಲ್ಲಿ ಅವರು ಕೊಡ ತೊಳೆಸಿ ತರಿಸಿದರು. ಖಾಲಿ ಕೊಡಬಾರದೆಂದು ಒಳಗೆ ಒಂದು ತೆಂಗಿನಕಾಯಿ, ಒಂದು ಪೊಟ್ಟಣ ಸಕ್ಕರೆ ಹಾಕಿದರು.

“ಪೆನ್ನು ಆಮೇಲೆ. ಹಿಂದಿನ ಬೀದಿ, ಬೇವಿನ ಮರದ ಎದುರುಮನೆ. ಕೊಟ್ಟು ಬಾ.”