ಉಪ್ಪಿಟ್ಟು ಮಾಪನ ಶಾಸ್ತ್ರ: ಹೆಬ್ಬಾಳ ಖಂಡ

ಮೈಸೂರಿನ ಹೆಬ್ಬಾಳದ ವಿದ್ವದ್ವಲಯದಲ್ಲಿ, ಅಂದರೆ ಕೈಗಾರಿಕಾ ಪ್ರದೇಶದ ಒಂದು ಕ್ಯಾಂಟೀನಿನಲ್ಲಿ ನಿಂತು ತಿನ್ನುವ ಟೇಬಲ್ಲಿನ ಸುತ್ತ, ಬಹುಕಾಲದಿಂದ ಇತ್ಯರ್ಥವಾಗದ ಪ್ರಶ್ನೆಯೊಂದಿದೆ: ಇಲ್ಲಿನ ಉಪ್ಪಿಟ್ಟು ಹೇಗಿದೆ? ಕೇಳಿದವರಿಗೆಲ್ಲ ಸಿಗುತ್ತಿದ್ದ ಉತ್ತರ ‘ಪರವಾಗಿಲ್ಲ’. ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಯಜಮಾನರ ಮಗ ಎಂಬಿಎ ಓದಿ ಬಂದ ಮೇಲೆ ಆಯಿತು. ಆತ ಮೊದಲು ಗಲ್ಲಾದ ಪಕ್ಕ ಐದು ನಕ್ಷತ್ರದ ಚೀಟಿ ಇಟ್ಟ. ಆಮೇಲೆ ಅದನ್ನು ತೆಗೆದು ನಗುವ, ಸುಮ್ಮನಿರುವ, ಮುಖ ಗಂಟಿಕ್ಕಿದ ಮೂರು ಮೂತಿಗಳ ಹಲಗೆ ತಂದ. ಕೊನೆಗೆ ಹೆಬ್ಬೆರಳು ಮೇಲೆ, ಹೆಬ್ಬೆರಳು ಕೆಳಗೆ. ರವೆ ಅದೇ, ಒಗ್ಗರಣೆ ಅದೇ, ಭಟ್ಟರೂ ಅವರೇ. ಆದರೂ ಮೂರು ಸಲ ಮೂರು ಬಗೆಯ ತೀರ್ಪು ಬಂತು. ಉಪ್ಪಿಟ್ಟು ಬದಲಾಗದೆ ಉಪ್ಪಿಟ್ಟಿನ ಯೋಗ್ಯತೆ ಬದಲಾಗುವುದು ಹೇಗೆ ಎಂಬುದೇ ಪ್ರಸ್ತುತ ಪ್ರಬಂಧದ ಜಿಜ್ಞಾಸೆ.

ಮೊದಲಿಗೆ ಪಂಚತಾರಾ ಮತ. ಈ ಮತದವರು ತಮ್ಮ ಮೂಲಪುರುಷನೆಂದು ಹೇಳಿಕೊಳ್ಳುವುದು ಅಮೆರಿಕದ ರೆನ್ಸಿಸ್ ಲೈಕರ್ಟ್ ಎಂಬ ಮನಶ್ಶಾಸ್ತ್ರಜ್ಞರನ್ನು. ಅವರು 1932ರಲ್ಲಿ ಜನರ ಮನೋಭಾವ ಅಳೆಯಲು ಐದು ಮೆಟ್ಟಿಲಿನ ಉತ್ತರ ಬಳಸಿದ್ದು ನಿಜ. ಆದರೆ ಲೈಕರ್ಟರು ಒಂದೇ ವಿಷಯದ ಮೇಲೆ ಹತ್ತಾರು ವಾಕ್ಯಗಳನ್ನು ಕೊಟ್ಟು, ಎಲ್ಲಕ್ಕೂ ಬಂದ ಅಂಕ ಕೂಡಿಸುತ್ತಿದ್ದರು. ಒಂದು ಉತ್ತರದಲ್ಲಿ ತಪ್ಪಿದರೂ ಒಟ್ಟು ಮೊತ್ತದಲ್ಲಿ ಅದು ಕರಗಿಹೋಗುತ್ತಿತ್ತು. ನಮ್ಮ ಮತಾನುಯಾಯಿಗಳು ಹತ್ತಾರನ್ನೂ ಬಿಟ್ಟು ಒಂದನ್ನು ಮಾತ್ರ ಉಳಿಸಿಕೊಂಡರು. ಮೂಲಪುರುಷರನ್ನು ಅನುಸರಿಸುವ ನಮ್ಮ ಎಂದಿನ ಕ್ರಮ ಇದೇ.

ಐದು ಮೆಟ್ಟಿಲಿದ್ದರೂ ಜನ ಐದರಲ್ಲೂ ಕಾಲಿಡುವುದಿಲ್ಲ. ಯಾವ ಮೆಟ್ಟಿಲು ಖಾಲಿ ಉಳಿಯುತ್ತದೆ ಎಂಬುದು ಕೇಳಿದವರು ಯಾರು, ಉತ್ತರದಿಂದ ಯಾರಿಗೆ ಏನಾಗುತ್ತದೆ ಎಂಬುದರ ಮೇಲೆ ನಿಂತಿದೆ. ಇನ್ಫೋಸಿಸ್ ಗೇಟಿನ ಎದುರು ಆ್ಯಪಿನ ಆಟೋದಿಂದ ಇಳಿದಾಗ ನಡೆದ ಶಾಸ್ತ್ರಾರ್ಥ ಹೀಗಿತ್ತು.

“ಮೇಷ್ಟ್ರೇ, ಫೈವ್ ಸ್ಟಾರ್ ಒತ್ತಿಬಿಡಿ.”

“ನಾಲ್ಕು ಕೊಟ್ರೆ ಏನಪ್ಪಾ? ನಾಲ್ಕು ಅಂದ್ರೆ ನೂರಕ್ಕೆ ಎಂಬತ್ತು. ಡಿಸ್ಟಿಂಕ್ಷನ್ನು.”

“ಅದಕ್ಕಿಂತ ನಾಲ್ಕು ಮಾತು ಬೈದುಬಿಡಿ ಸಾರ್. ಬೈದಿದ್ದು ಇಲ್ಲೇ ಮುಗಿಯುತ್ತೆ.”

ಇದಕ್ಕಿಂತ ಸ್ಪಷ್ಟವಾದ ಭಾಷ್ಯ ನಮಗೆ ಯಾವ ಗ್ರಂಥದಲ್ಲೂ ಸಿಕ್ಕಿಲ್ಲ. ಅಂಕ ಒಬ್ಬನ ಅನ್ನಕ್ಕೆ ತಗಲುವಾಗ ಐದು ಎಂದರೆ ‘ದೂರು ಇಲ್ಲ’ ಎಂದಷ್ಟೇ ಅರ್ಥ. ಅದ್ಭುತವಾಗಿ ಆಟೋ ಓಡಿಸಿದ್ದಾನೆಂದಲ್ಲ. ನಾಲ್ಕು ಎಂದರೆ ದೂರು. ಮೂರು, ಎರಡು, ಒಂದು ಇವೆಲ್ಲ ಅದೇ ದೂರನ್ನು ಬೇರೆ ಬೇರೆ ಎತ್ತರದ ದನಿಯಲ್ಲಿ ಹೇಳುವುದು. ಹೆಸರಿಗೆ ಐದು ಅಂಕದ ಮಾಪಕ, ಒಳಗೆ ಇರುವುದು ಹೌದು ಅಥವಾ ಇಲ್ಲ. ಇಂಥದ್ದನ್ನೇ ಯೂಟ್ಯೂಬಿನವರೂ 2009ರಲ್ಲಿ ಬಹಿರಂಗವಾಗಿ ಹೇಳಿಕೊಂಡರು: ನೋಡುವವರು ಕೊಡುವ ಅಂಕದಲ್ಲಿ ಬಹುಪಾಲು ಐದೇ, ಅದನ್ನು ಬಿಟ್ಟರೆ ಒಂದು, ನಡುವಿನವನ್ನು ಕೇಳುವವರೇ ಇಲ್ಲ. ಮರುವರ್ಷ ಅವರು ನಕ್ಷತ್ರ ಕಿತ್ತುಹಾಕಿ ಹೆಬ್ಬೆರಳು ಹಾಕಿದರು. ಅಲ್ಲಿ ಕಾರಣ ಬೇರೆ. ಅಂಕ ಕೊಡಲೇಬೇಕೆಂಬ ಬಲವಂತವಿಲ್ಲದ ಕಡೆ, ತುಂಬ ಮೆಚ್ಚಿದವನೂ ತುಂಬ ಕೆರಳಿದವನೂ ಮಾತ್ರ ಗುಂಡಿ ಒತ್ತುವ ಶ್ರಮ ತೆಗೆದುಕೊಳ್ಳುತ್ತಾರೆ. ಪರವಾಗಿಲ್ಲ ಎನ್ನುವವನು ಮುಂದಿನ ವಿಡಿಯೋಗೆ ಹೋಗಿರುತ್ತಾನೆ.

ಹಾಗಾದರೆ ಮೆಟ್ಟಿಲು ಹೆಚ್ಚಿಸಿದರಾಯಿತು ಎಂದು ಪೂರ್ವಪಕ್ಷಿಗಳು ಇಲ್ಲಿ ಚೆಲುವಾಂಬ ಮ್ಯಾನ್ಷನ್ನಿನ ಕಡೆ ಕೈ ತೋರಿಸಿದರು. ಹೆಬ್ಬಾಳಕ್ಕೆ ದೂರವೇನಲ್ಲದ ಆ ಅರಮನೆಯಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ, ಎಲ್ಲರ ಬಾಯಲ್ಲಿ ಸಿಎಫ್‌ಟಿಆರ್‌ಐ. ಆಹಾರ ವಿಜ್ಞಾನದಲ್ಲಿ ರುಚಿಯ ಮೆಚ್ಚುಗೆ ಅಳೆಯಲು ವಾಡಿಕೆಯಲ್ಲಿರುವುದು ಒಂಬತ್ತು ಮೆಟ್ಟಿಲಿನ ಮಾಪಕ. ‘ತೀರಾ ಇಷ್ಟವಾಯಿತು’ ಎಂಬುದರಿಂದ ‘ತೀರಾ ಇಷ್ಟವಾಗಲಿಲ್ಲ’ ಎಂಬುದರವರೆಗೆ, ನಟ್ಟನಡುವೆ ಇಷ್ಟವೂ ಅಲ್ಲ ಅನಿಷ್ಟವೂ ಅಲ್ಲ. ಕಳೆದ ಶತಮಾನದ ನಡುವಿನಲ್ಲಿ ಅಮೆರಿಕದ ಸೇನೆಯ ಆಹಾರ ಸಂಶೋಧಕರು ಸಿಪಾಯಿಗಳ ಊಟಕ್ಕೆಂದು ಕಟ್ಟಿದ್ದು ಇದು. ಆ ಪದ್ಧತಿಯಲ್ಲಿ ರುಚಿ ನೋಡುವವರು ಬೇರೆ ಬೇರೆ ಗೂಡಿನಲ್ಲಿ ಕೂರುತ್ತಾರೆ, ಬಟ್ಟಲಿನ ಮೇಲೆ ಹೆಸರಿನ ಬದಲು ಮೂರಂಕಿಯ ಸಂಖ್ಯೆ ಇರುತ್ತದೆ, ಒಂದೊಂದು ತುತ್ತಿನ ನಡುವೆ ನೀರು ಮುಕ್ಕಳಿಸಬೇಕು. ಅಂಕ ಕೊಡದೆ ಎದ್ದು ಹೋಗುವಂತಿಲ್ಲ. ಅಲ್ಲಿ ನಡೆಯುವುದು ಆಟೋದವನ ಕಥೆಗೆ ತದ್ವಿರುದ್ಧ. ಮುಂದೆ ಇದಕ್ಕಿಂತ ಚೆನ್ನಾಗಿರುವುದು ಬಂದರೆ ಏನು ಕೊಡುವುದೆಂಬ ಭಯಕ್ಕೆ ಜನ ಎರಡೂ ತುದಿಗಳನ್ನು ಮುಟ್ಟದೆ ಉಳಿಸಿಕೊಳ್ಳುತ್ತಾರೆ. ಒಂಬತ್ತು ಮೆಟ್ಟಿಲು ಏಳಾಗುತ್ತದೆ. ಅಂಥವರ ಕೈಗೆ ಐದರ ಚೀಟಿ ಕೊಟ್ಟರೆ ಅದು ಮೂರಾಗುತ್ತದೆ. ಆದ್ದರಿಂದ, ಎಲೈ ಪೂರ್ವಪಕ್ಷಿಗಳೇ, ಮೆಟ್ಟಿಲಿನ ಸಂಖ್ಯೆ ಎಣಿಸಿದ ಮಾತ್ರಕ್ಕೆ ಶಾಸ್ತ್ರ ಮುಗಿಯದು.

ನಮ್ಮ ಕ್ಯಾಂಟೀನಿನಲ್ಲಿ ಗೂಡೂ ಇಲ್ಲ, ಸಂಖ್ಯೆಯೂ ಇಲ್ಲ. ಚೀಟಿ ತುಂಬುವಾಗ ಯಜಮಾನರು ಎದುರಿಗೇ ಚಿಲ್ಲರೆ ಎಣಿಸುತ್ತಿರುತ್ತಾರೆ.

ತ್ರಿಮುಖ ಮತದ ಬಗ್ಗೆ ಹೆಚ್ಚು ಬರೆಯಬೇಕಾದ್ದಿಲ್ಲ. ಮೂರು ಮುಖವಿಟ್ಟರೆ ಮೈಸೂರಿನವರ ಬೆರಳು ನಡುವಿನ ಮುಖಕ್ಕೇ ಹೋಗುತ್ತದೆ, ಯಾರ ಮನಸ್ಸೂ ನೋಯುವುದಿಲ್ಲ, ಯಾರಿಗೂ ಏನೂ ತಿಳಿಯುವುದಿಲ್ಲ. ಬರೀ ಸಭ್ಯತೆಯ ದೋಷವಲ್ಲ ಇದು, ಮಾಪಕದ್ದೂ ಹೌದು. ಭಟ್ಟರು ವಾರಕ್ಕೊಂದು ಚಮಚದಂತೆ ತುಪ್ಪ ಇಳಿಸುತ್ತ ಬಂದರೆನ್ನಿ. ಐದರ ಚೀಟಿಯಲ್ಲಿ ನಾಲ್ಕು ಕೊಡುತ್ತಿದ್ದವನು ಮೂರಕ್ಕೆ ಇಳಿಯುವುದು ಕಾಣುತ್ತದೆ. ಮೂರರ ಹಲಗೆಯಲ್ಲಿ ಅವನು ಮೊದಲೂ ನಡುವಿನ ಮುಖ, ಈಗಲೂ ನಡುವಿನ ಮುಖ. ಉಪ್ಪಿಟ್ಟು ಗಂಟಲಲ್ಲಿ ಸಿಕ್ಕಿಕೊಳ್ಳುವವರೆಗೂ ಹಲಗೆ ಸುಮ್ಮನಿರುತ್ತದೆ. ವಿಮಾನ ನಿಲ್ದಾಣಗಳಲ್ಲಿ ಮುಖದ ಗುಂಡಿಗಳ ಪೆಟ್ಟಿಗೆ ಇಡುವ ಫಿನ್‌ಲೆಂಡಿನ ಹ್ಯಾಪಿ ಆರ್ ನಾಟ್ ಕಂಪನಿ ನಾಲ್ಕು ಮುಖ ಇಟ್ಟಿತು. ನಡುವಿನ ಮುಖವೇ ಇಲ್ಲ. ಕೈ ಒಂದು ಕಡೆ ವಾಲಲೇಬೇಕು.

ಇನ್ನು ಅಂಗುಷ್ಠ ಮತ. ಗುರುವಿಗೆ ಹೆಬ್ಬೆರಳು ಕೊಟ್ಟ ಮೊದಲ ಶಿಷ್ಯ ಏಕಲವ್ಯ. ಈಗ ತರಬೇತಿ ಮುಗಿಸಿದ ಶಿಷ್ಯರು ಬೆರಳು ತಮ್ಮಲ್ಲೇ ಇಟ್ಟುಕೊಂಡು ಅದರ ಚಿತ್ರ ಕೊಡುತ್ತಾರೆ, ಕೆಲವೊಮ್ಮೆ ತಲೆಕೆಳಗಾಗಿ. ಈ ಮತದ ಬಲ ಇರುವುದು ಸುಲಭದಲ್ಲಿ. ನೆಟ್‌ಫ್ಲಿಕ್ಸ್ 2017ರಲ್ಲಿ ನಕ್ಷತ್ರ ಬಿಟ್ಟು ಹೆಬ್ಬೆರಳಿಗೆ ಬಂದಾಗ, ಪರೀಕ್ಷೆಯಲ್ಲಿ ಅಭಿಪ್ರಾಯ ಒತ್ತುವುದು ಶೇ 200ರಷ್ಟು ಹೆಚ್ಚಿತೆಂದು ಹೇಳಿತು. ಮೂರೋ ನಾಲ್ಕೋ ಎಂದು ತಲೆ ಕೆರೆದುಕೊಳ್ಳುವ ಕೆಲಸ ತಪ್ಪಿತಲ್ಲ. ಆದರೆ 2022ರಲ್ಲಿ ಅದೇ ನೆಟ್‌ಫ್ಲಿಕ್ಸು ಎರಡು ಹೆಬ್ಬೆರಳಿನ ಗುಂಡಿಯನ್ನೂ ಸೇರಿಸಿತು. ಇಷ್ಟಪಟ್ಟವನನ್ನೂ ಮುಗಿಬಿದ್ದವನನ್ನೂ ಒಂದೇ ಬೆರಳಿನಲ್ಲಿ ತೂಗಲಾಗದೆಂದು ಐದು ವರ್ಷಕ್ಕೆ ತಿಳಿಯಿತು. (ಚೌಚೌ ಬಾತಿಗೆ ಒಂದೇ ಹೆಬ್ಬೆರಳು ಕೇಳುವವರ ಬಗ್ಗೆ ನಾವು ಏನೂ ಹೇಳುವುದಿಲ್ಲ. ಖಾರಾಬಾತಿಗೆ ಮೇಲೆ, ಕೇಸರಿಬಾತಿಗೆ ಕೆಳಗೆ ಎಂದರೆ ಗುಂಡಿ ಒತ್ತುವುದು ಎಲ್ಲಿ?)

ಈಗ ಮೂರು ಮತಗಳನ್ನೂ ಒಂದೇ ಲೆಕ್ಕದ ಮುಂದೆ ನಿಲ್ಲಿಸೋಣ. ಎರಡು ಕ್ಯಾಂಟೀನುಗಳಿವೆ, ಒಂದೊಂದರಲ್ಲೂ ಇಪ್ಪತ್ತು ಜನ ಉಪ್ಪಿಟ್ಟು ತಿಂದರು ಎಂದಿಟ್ಟುಕೊಳ್ಳಿ. ಮೊದಲನೆಯದು ಸೌಮ್ಯ ಉಪ್ಪಿಟ್ಟು. ಇಪ್ಪತ್ತೂ ಜನರ ಮನಸ್ಸಿನಲ್ಲಿ ಇರುವುದು ಪರವಾಗಿಲ್ಲ. ಎರಡನೆಯದಕ್ಕೆ ಹಸಿಮೆಣಸಿನಕಾಯಿ ಧಾರಾಳ. ಹನ್ನೆರಡು ಜನ ಬೆರಳು ಚೀಪಿದರು, ಎಂಟು ಜನ ನೀರಿಗೆ ಓಡಿದರು.

ಐದರ ಚೀಟಿಯಲ್ಲಿ ಸೌಮ್ಯದವರೆಲ್ಲ ಪ್ರಾಮಾಣಿಕವಾಗಿ ಮೂರು ಕೊಟ್ಟರೆ ಸರಾಸರಿ 3. ಖಾರದಲ್ಲಿ ಹನ್ನೆರಡು ಐದು, ಎಂಟು ಒಂದು. ಒಟ್ಟು 68, ಸರಾಸರಿ 3.4. ಖಾರ ಗೆದ್ದಿತು. ಮೂರರ ಹಲಗೆಯಲ್ಲಿ ಸೌಮ್ಯಕ್ಕೆ 2, ಖಾರಕ್ಕೆ 44 ಭಾಗಿಸು 20, ಅಂದರೆ 2.2. ಮತ್ತೆ ಖಾರವೇ. ಹೆಬ್ಬೆರಳು ಕೇಳಿ. ಪರವಾಗಿಲ್ಲ ಎನ್ನುವವರು ಕೆಳಗೆ ಒತ್ತುವಷ್ಟು ನಿಷ್ಠುರರಲ್ಲ, ಇಪ್ಪತ್ತೂ ಮೇಲೆ. ಸೌಮ್ಯಕ್ಕೆ ನೂರಕ್ಕೆ ನೂರು, ಖಾರಕ್ಕೆ ಅರವತ್ತು. ಯಾರೊಬ್ಬರ ನಾಲಿಗೆಯೂ ಅಭಿಪ್ರಾಯ ಬದಲಿಸಿಲ್ಲ, ಆದರೂ ಗೆದ್ದವರು ಸೋತರು. ಪರವಾಗಿಲ್ಲದವರು ಯಾವುದನ್ನೂ ಒತ್ತದೆ ಕೈ ತೊಳೆದು ಹೋದರೋ, ಸೌಮ್ಯ ಉಪ್ಪಿಟ್ಟು ಆ ಬೆಳಗ್ಗೆ ಬೆಂದೇ ಇಲ್ಲವೆಂದು ದಾಖಲಾಗುತ್ತದೆ.

ಇನ್ನೊಂದು ಸುತ್ತು ಇದೆ. ನಕ್ಷತ್ರಗಳ ಕೆಳಗೆ ಏನೂ ಬರೆಯದೆ ಬಿಟ್ಟಿದ್ದರೆ, ಎದುರಿಗೆ ಯಜಮಾನರಿರುವಾಗ ಪರವಾಗಿಲ್ಲದವರು ಮೂರಕ್ಕೆ ಕೈ ಹಾಕುವುದಿಲ್ಲ, ನಾಲ್ಕು ಕೊಡುತ್ತಾರೆ. ಆಗ ಸೌಮ್ಯಕ್ಕೆ 4, ಖಾರಕ್ಕೆ ಅದೇ 3.4. ಮೂರನೇ ನಕ್ಷತ್ರದ ಕೆಳಗೆ ‘ಪರವಾಗಿಲ್ಲ’ ಎಂದು ಅಚ್ಚು ಹಾಕಿಸಿದರೆ ಅವರೇ ಮೂರಕ್ಕೆ ಇಳಿಯುತ್ತಾರೆ. ಒಂದು ಮೆಟ್ಟಿಲಿಗೆ ಹೆಸರಿಟ್ಟ ಮಾತ್ರಕ್ಕೆ ಫಲಿತಾಂಶ ತಲೆಕೆಳಗು. ಹಾಗಾಗಿ ಸರಾಸರಿ ನೋಡಿ ಉಪ್ಪಿಟ್ಟು ಆರಿಸುವವರಿಗೆ ಶಾಸ್ತ್ರದ ಸಲಹೆ: ಯಾವ ಅಂಕ ಎಷ್ಟು ಜನ ಕೊಟ್ಟರೆಂಬ ಪಟ್ಟಿ ನೋಡಿ. ಇಪ್ಪತ್ತು ಜನ ನಾಲ್ಕು ಕೊಟ್ಟರೂ ಸರಾಸರಿ 4, ಹದಿನೈದು ಜನ ಐದು, ಐದು ಜನ ಒಂದು ಕೊಟ್ಟರೂ 4. ಮೊದಲನೆಯದು ಭಟ್ಟರ ಕೈಗುಣ. ಎರಡನೆಯದರಲ್ಲಿ ಐದು ತಟ್ಟೆಗೆ ಏನೋ ಆಗಿದೆ, ಬಹುಶಃ ತಳ ಹಿಡಿದ ಭಾಗ.

ಹೆಬ್ಬೆರಳಿನ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯ. ಒಬ್ಬನ ಹೆಬ್ಬೆರಳಿನಲ್ಲಿ ಮೆಟ್ಟಿಲಿಲ್ಲ, ಆದರೆ ಊರಿನ ಹೆಬ್ಬೆರಳುಗಳಲ್ಲಿ ಇದೆ. ತುಪ್ಪ ಇಳಿದಂತೆ ಮೊದಲು ನಾಲಿಗೆ ಸೂಕ್ಷ್ಮದವನು ಬೆರಳು ತಿರುಗಿಸುತ್ತಾನೆ, ಆಮೇಲೆ ಮಧ್ಯಮದವನು, ಕೊನೆಗೆ ಏನು ಕೊಟ್ಟರೂ ತಿನ್ನುವವನು. ನೂರಾರು ಜನ ಒತ್ತುವ ಕಡೆ ಶೇಕಡಾವಾರು ಮೆಲ್ಲಗೆ ಇಳಿಯುವುದು ಸೊಗಸಾಗಿ ಕಾಣುತ್ತದೆ. ಇಪ್ಪತ್ತು ಜನರ ಕ್ಯಾಂಟೀನಿನಲ್ಲಿ ಒಬ್ಬನ ಹಲ್ಲುನೋವಿಗೆ ಶೇ 5 ಇಳಿದುಹೋಗುತ್ತದೆ.

ಇಷ್ಟನ್ನೂ ಯಜಮಾನರ ಮುಂದೆ ಮಂಡಿಸಲಾಯಿತು. ಅವರು ಗಲ್ಲಾ ಮುಚ್ಚಿ ಹೇಳಿದರು: “ಬಿಡಿ ಮೇಷ್ಟ್ರೇ, ನಾನು ತಟ್ಟೇಲಿ ಎಷ್ಟು ಬಿಟ್ಟಿದಾರೆ ಅಂತ ನೋಡ್ತೀನಿ.”

ಒಪ್ಪತಕ್ಕ ವಿಧಾನವೇ, ಊಟದ ಅಧ್ಯಯನಗಳಲ್ಲಿ ಎಂಜಲು ತೂಗುವ ಕ್ರಮವೂ ಇದೆ. ಆದರೆ ಅನ್ನ ಚೆಲ್ಲಬಾರದೆಂದು ಬೆಳೆದವರು ಇಷ್ಟವಿದ್ದರೂ ಇಲ್ಲದಿದ್ದರೂ ತಟ್ಟೆ ಬಳಿದೇ ಏಳುತ್ತಾರೆ, ಇದು ಒಂದೇ ಮೆಟ್ಟಿಲಿನ ಮಾಪಕ ಎಂದು ನಾವು ಆಕ್ಷೇಪಿಸಿದೆವು.

“ಹಂಗಾದ್ರೆ ನಾಳೆ ಬರ್ತಾರಾ ಇಲ್ವಾ ನೋಡ್ತೀನಿ.”

ಬೆಳಗಿನ ಶಿಫ್ಟಿಗೆ ಹೋಗುವವರಿಗೆ ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ಬಾಗಿಲು ತೆರೆದಿರುವ ಕ್ಯಾಂಟೀನು ಇದೊಂದೇ ಎಂಬುದನ್ನು ಯಜಮಾನರ ಗಮನಕ್ಕೆ ತರಲಾಗಿದೆ.